ಸಹಾಯ ಬೇಕು: ಡೆಪ್ತ್ ಮ್ಯಾಪ್ ಬಿಗಿಯಾದರೆ ಐಮರದ ಮೇಲಿನ ಅಜ್ಜ ಮಾಯವಾಗುತ್ತಾರೆ

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯಲ್ಲಿ ಮನೆಗಳ ಒಳವಿನ್ಯಾಸ ಮಾಡುತ್ತೇನೆ. ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆಯೊಂದರ ಜಗುಲಿಯ ನಾಲ್ಕು ಕಂಬಗಳನ್ನೂ ಅವುಗಳ ನಡುವಿನ ಮರದ ಆಸನವಾದ ಐಮರವನ್ನೂ ಇದ್ದಲ್ಲೇ ಉಳಿಸಿಕೊಂಡು, ಕಂಬಗಳು ಮರದವಾದರೆ ಹೇಗೆ, ಜಂಬಿಟ್ಟಿಗೆಯವಾದರೆ ಹೇಗೆ ಎಂದು ಮನೆಯವರಿಗೆ ತೋರಿಸಬೇಕಿದೆ.

ಬ್ಲೆಂಡರ್‌ನಲ್ಲಿ ಜಗುಲಿಯ ಸರಳ ಮಾದರಿ ಮಾಡಿ, ಅದರಿಂದ ಯಾವುದು ಹತ್ತಿರ, ಯಾವುದು ದೂರ ಎಂದು ತೋರಿಸುವ ಡೆಪ್ತ್ ಮ್ಯಾಪ್ ತೆಗೆದು, ಐಮರದ ಮೇಲೆ ಕುಳಿತ ಅಜ್ಜನಿಗಾಗಿ ಓಪನ್‌ಪೋಸ್ ಅಸ್ಥಿಚಿತ್ರವನ್ನು ಸೇರಿಸಿ, ಎರಡನ್ನೂ ಎಐ ರಚಿಸುವ ಚಿತ್ರವನ್ನು ಹಿಡಿತದಲ್ಲಿಡುವ ಕಂಟ್ರೋಲ್‌ನೆಟ್‌ಗೆ ಕೊಟ್ಟಿದ್ದೇನೆ. ಡೆಪ್ತ್‌ನ ತೂಕ 0.9 ಇದ್ದಾಗ ಕಂಬಗಳು ಕದಲುವುದಿಲ್ಲ, ಆದರೆ ಅಜ್ಜ ಗೋಡೆಗೆ ಬರೆದ ಚಿತ್ರದಂತೆ ಚಪ್ಪಟೆಯಾಗಿ, ಮೊಣಕಾಲಿನ ಕೆಳಭಾಗ ಐಮರದಲ್ಲೇ ಕರಗಿಹೋಗುತ್ತದೆ. ತೂಕವನ್ನು 0.5ಕ್ಕೆ ಇಳಿಸಿದರೆ ಅಜ್ಜ ಚೆನ್ನಾಗಿ ಕೂರುತ್ತಾರೆ, ನಾಲ್ಕನೆಯ ಕಂಬವೇ ಕಾಣೆ! ತೂಕವನ್ನು 0.9ರಲ್ಲೇ ಇಟ್ಟು, ಡೆಪ್ತ್‌ನ ಹಿಡಿತ ಯಾವ ಹಂತದಲ್ಲಿ ನಿಲ್ಲಬೇಕೆಂದು ಹೇಳುವ `Ending Control Step` ಅನ್ನು 0.4 ಮಾಡಿದಾಗ ಮರದ ಚಿತ್ರ ಸರಿಬಂತು. ಆದರೆ ಪ್ರಾಂಪ್ಟ್‌ನಲ್ಲಿ ಜಂಬಿಟ್ಟಿಗೆ ಎಂದು ಬದಲಿಸಿದೊಡನೆ ತೆಳುವಾದ ಕಂಬಗಳು ದಪ್ಪ ಚೌಕವಾದವು.

ಡೆಪ್ತ್ ಮ್ಯಾಪ್‌ನಲ್ಲಿ ಐಮರ ಖಾಲಿಯಿದೆ, ಅಸ್ಥಿಚಿತ್ರವಾದರೋ ಅಲ್ಲಿ ಮನುಷ್ಯನಿದ್ದಾನೆ ಎನ್ನುತ್ತದೆ. ಎರಡರ ಈ ಜಗಳವೇ ಮೂಲ ಕಾರಣವೆಂದು ನನ್ನ ಅನುಮಾನ. ಅಸ್ಥಿಚಿತ್ರಕ್ಕೆ ಕೀಲುಗಳ ಜಾಗ ಗೊತ್ತೇ ಹೊರತು ಮೈಯ ದಪ್ಪ ಗೊತ್ತಿಲ್ಲ.

ಆದ್ದರಿಂದ ನನ್ನ ಪ್ರಶ್ನೆ: ಬ್ಲೆಂಡರ್ ಮಾದರಿಯಲ್ಲೇ ಒರಟಾದ ಮನುಷ್ಯಾಕೃತಿಯೊಂದನ್ನು ಕೂರಿಸಿ ಹೊಸ ಡೆಪ್ತ್ ಮ್ಯಾಪ್ ತೆಗೆಯಬೇಕೇ, ಅಥವಾ ಮಾಸ್ಕ್ ಹಾಕಿ ಅಜ್ಜನ ಜಾಗದಲ್ಲಿ ಮಾತ್ರ ಡೆಪ್ತ್‌ನ ಹಿಡಿತವನ್ನು ಬಿಡಿಸಬೇಕೇ? ಮೊದಲನೆಯದನ್ನು ಮಾಡಿದರೆ ಪಂಚೆಯ ನೆರಿಗೆಗಳು ಸಹಜವಾಗಿ ಬರುತ್ತವೆಯೇ? ಮಾಡಿ ನೋಡಿದವರು ದಯವಿಟ್ಟು ತಾವು ಬಳಸಿದ ತೂಕಗಳೊಂದಿಗೆ ತಿಳಿಸಿ.