ಗೇಮಿಂಗ್ ಸೆಂಟರಿಗೆ ಆಟದ ಲೈಸೆನ್ಸ್ ಬೇರೆ ಬೇಕಾ? ವಕೀಲರನ್ನು ಕೇಳಿ

ವಿದ್ಯಾನಗರ ಕೆಫೆ: ಸಾರ್ ನಮಸ್ತೆ. ದಾವಣಗೆರೆ ವಿದ್ಯಾನಗರದಲ್ಲಿ 10 ಪಿಸಿ ಹಾಕಿ ಗೇಮಿಂಗ್ ಸೆಂಟರ್ ಶುರು ಮಾಡ್ತಿದ್ದೇನೆ. ಗಂಟೆಗೆ 50 ರೂಪಾಯಿ. ಗೇಮ್ಸ್ ಎಲ್ಲಾ ನನ್ನ ಸ್ಟೀಮ್ ಅಕೌಂಟಲ್ಲಿ ದುಡ್ಡು ಕೊಟ್ಟೇ ತಗೊಂಡಿದ್ದು. ಪಿಸಿ ಜೋಡಿಸಿಕೊಟ್ಟವರು ಫ್ಯಾಮಿಲಿ ಶೇರಿಂಗ್ ಹಾಕಿದರೆ ಸಾಕು ಅಂದರು. ಕಮರ್ಷಿಯಲ್ ಲೈಸೆನ್ಸ್ ಅಂತ ಬೇರೆ ಇದೆಯಾ? ಎಷ್ಟಾಗುತ್ತೆ?

ವಕೀಲರು: ಇದೆ, ನಿಮಗೆ ಬೇಕು. ಸ್ಟೀಮಲ್ಲಿ ನೀವು ಕೊಂಡಿದ್ದು ಮನೆಯಲ್ಲಿ ಕೂತು ಆಡುವ ಹಕ್ಕು ಮಾತ್ರ. ಅಕೌಂಟ್ ಬಳಸಲು ಬೇರೆಯವರಿಂದ ದುಡ್ಡು ತಗೊಳ್ಳಬಾರದು ಅಂತ ಅವರ ಕರಾರಿನಲ್ಲೇ ಇದೆ. ಓದದೆ ಒಪ್ಪಿಗೆ ಒತ್ತಿರುತ್ತೀರಿ, ಎಲ್ಲರೂ ಹಾಗೇ ಮಾಡೋದು.

ಫ್ಯಾಮಿಲಿ ಶೇರಿಂಗ್ ಇರೋದು ಒಂದೇ ಮನೆಯ ಆರು ಜನರಿಗೆ. ನೀವು ಒಂದು ಆಟದ ಒಂದೇ ಪ್ರತಿ ಕೊಂಡಿದ್ದರೆ ಒಂದು ಹೊತ್ತಿಗೆ ಒಬ್ಬರೇ ಅದನ್ನು ಆಡಬಹುದು. ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ನಿಮ್ಮ ಪ್ರತಿ ಆಡುತ್ತಾ ಯಾರೋ ಹುಡುಗ ಚೀಟ್ ಹಾಕಿ ಸಿಕ್ಕಿಬಿದ್ದರೆ ಆ ಆಟದಲ್ಲಿ ಅವನ ಜೊತೆ ನಿಮಗೂ ಬ್ಯಾನ್. ಅವನು ಎದ್ದು ಹೋಗಿರುತ್ತಾನೆ, ಆಟ ಹೋಗೋದು ನಿಮ್ಮದು.

ಸರಿಯಾದ ದಾರಿ ಸ್ಟೀಮಿನದೇ ಪಿಸಿ ಕೆಫೆ ಪ್ರೋಗ್ರಾಮ್. ಅಂಗಡಿ ಹೆಸರಲ್ಲಿ ಅರ್ಜಿ ಹಾಕಬೇಕು. ಆಮೇಲೆ ಎರಡು ಥರ ನಡೆಯುತ್ತದೆ. ಗಿರಾಕಿ ತನ್ನ ಅಕೌಂಟಿಂದ ಲಾಗಿನ್ ಆಗಿ ತಾನು ಕೊಂಡ ಆಟ ಆಡಬಹುದು, ಅದಕ್ಕೆ ನೀವು ಮತ್ತೆ ಕೊಳ್ಳಬೇಕಿಲ್ಲ. ಅವನ ಹತ್ತಿರ ಇಲ್ಲದ ಆಟಕ್ಕೆ ನೀವು ಕಮರ್ಷಿಯಲ್ ಲೈಸೆನ್ಸ್ ಕೊಂಡಿಟ್ಟಿರಬೇಕು. ಒಂದು ಲೈಸೆನ್ಸ್ ಅಂದ್ರೆ ಒಂದು ಹೊತ್ತಿಗೆ ಒಂದು ಸೀಟು. ಎಲ್ಲಾ ಆಟವೂ ಸಿಗಲ್ಲ. ಕೆಫೆಗೆ ಕೊಡಬೇಕೋ ಬೇಡವೋ, ಎಷ್ಟಕ್ಕೆ ಅನ್ನೋದು ಆಟದ ಕಂಪನಿಯ ಇಷ್ಟ. ಅಲ್ಲಿ ಇಲ್ಲದಿದ್ದರೆ ಆ ಕಂಪನಿಗೇ ಮೇಲ್ ಹಾಕಿ ಕೇಳಬೇಕು. ಉತ್ತರ ಬರಲಿಲ್ಲ ಅಂದ್ರೆ ಒಪ್ಪಿಗೆ ಸಿಕ್ಕಿತು ಅಂತಲ್ಲ.

ಪಿ.ಜೆ. ಬಡಾವಣೆ: ಇಷ್ಟೆಲ್ಲಾ ಯಾಕೆ? ಇದು ಬೇರೆ ಗ್ರೂಪಲ್ಲಿ ಬಂದಿತ್ತು ನೋಡಿ: "ಗೇಮಿಗೆ ದುಡ್ಡಿಲ್ಲ, ಕುರ್ಚಿ ಮತ್ತು ಕರೆಂಟಿಗೆ ಮಾತ್ರ ಅಂತ ಬೋರ್ಡ್ ಹಾಕಿ. ಯಾವ ಲೈಸೆನ್ಸೂ ಬೇಡ. ಎಲ್ಲಾ ಕೆಫೆ ಮಾಲೀಕರಿಗೂ ಕಳಿಸಿ."

ವಕೀಲರು: ಈ ಬೋರ್ಡಿನ ಫಾರ್ವರ್ಡ್ ನನಗೂ ಬಂದಿದೆ. ಬೋರ್ಡ್ ಬರೆದವನು ಜಾಣ, ಕಾನೂನು ಓದಿಲ್ಲ ಅಷ್ಟೇ.

ಕಾಪಿರೈಟ್ ಕಾಯ್ದೆ 1957ರ ಸೆಕ್ಷನ್ 14ರಲ್ಲಿ ಸಾಫ್ಟ್‌ವೇರನ್ನು ಬಾಡಿಗೆಗೆ ಕೊಡುವ ಹಕ್ಕು ಅದರ ಮಾಲೀಕನದು ಅಂತಿದೆ. ಜೊತೆಗೆ ಒಂದು ವಿನಾಯಿತಿ ಇದೆ. ಬಾಡಿಗೆಯ ಮುಖ್ಯ ಉದ್ದೇಶ ಆ ಸಾಫ್ಟ್‌ವೇರ್ ಅಲ್ಲದಿದ್ದರೆ ಈ ಮಾತು ಅನ್ವಯಿಸಲ್ಲ. ಬಾಡಿಗೆ ಕಾರಿನ ಒಳಗಿರುವ ಪ್ರೋಗ್ರಾಮಿಗೆ ಯಾರೂ ಪ್ರತ್ಯೇಕ ಲೆಕ್ಕ ಕೇಳಲ್ಲ, ಜನ ಬಂದಿರೋದು ಕಾರಿಗೆ. ಆದರೆ ನಿಮ್ಮಲ್ಲಿಗೆ ಬರುವ ಹುಡುಗ ಕುರ್ಚಿಗೆ ಬರ್ತಾನಾ? ಹೊರಗೆ ಆಟದ ಪೋಸ್ಟರ್ ಅಂಟಿಸಿ, ಒಳಗೆ ಕುರ್ಚಿಗೆ ಬಾಡಿಗೆ ಅಂದರೆ ಯಾರು ಒಪ್ತಾರೆ? ನಮ್ಮ ಸೀಟಲ್ಲಿ ಕೂರಿಸಿ ಆಡಿಸೋದು ಬಾಡಿಗೆಯೇ ಅಲ್ಲ ಅಂತ ವಾದ ಹೂಡಬಹುದು, ಅದನ್ನು ನಾನು ತಳ್ಳಿಹಾಕಲ್ಲ. ಆದರೆ ಆ ವಾದದಿಂದ ಸ್ಟೀಮ್ ಕರಾರು ಹೋಗಿಬಿಡಲ್ಲ, ಅಕೌಂಟ್ ಬಂದ್ ಮಾಡೋಕೆ ಅವರು ಕೋರ್ಟಿಗೆ ಬರಬೇಕಾಗೂ ಇಲ್ಲ.

ಕ್ರ್ಯಾಕ್ ಮಾಡಿದ ಆಟ ಇಟ್ಟಿದ್ದರಂತೂ ಬೋರ್ಡ್ ಯಾವ ಕೆಲಸಕ್ಕೂ ಬರಲ್ಲ. ಗೊತ್ತಿದ್ದೂ ಬಳಸಿದರೆ ಸೆಕ್ಷನ್ 63ಬಿ: 7 ದಿನದಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ದಂಡ. ವ್ಯಾಪಾರಕ್ಕಲ್ಲ ಅಂತಾದರೆ ಕೋರ್ಟ್ ಜೈಲು ಶಿಕ್ಷೆ ಕೊಡದೆ ಬಿಡಬಹುದು. ಗಂಟೆಗೆ 50 ತಗೊಳ್ಳುವವರು ಅದನ್ನು ಹೇಳೋಕಾಗಲ್ಲ.

ದುರ್ಗದ ಹುಡುಗ: ಫ್ರೀ ಗೇಮ್ಸ್ ಮಾತ್ರ ಇಟ್ಟರೆ ಏನೂ ಬೇಡ ಅಲ್ವಾ ಸಾರ್? ವ್ಯಾಲೊರಂಟ್ ಥರ.

ವಕೀಲರು: ಕೊಳ್ಳೋ ಖರ್ಚಿಲ್ಲ. ಗಿರಾಕಿಯೇ ತನ್ನ ಅಕೌಂಟಿಂದ ಆಡಲಿ, ನೀವು ಅಕೌಂಟ್ ಮಾಡಿ ಬಾಡಿಗೆಗೆ ಕೊಡಬೇಡಿ. ಫ್ರೀ ಅಂದ ಮಾತ್ರಕ್ಕೆ ಕೆಫೆಗೂ ಒಪ್ಪಿಗೆ ಇದೆ ಅಂತಲ್ಲ, ಆಯಾ ಕಂಪನಿಯ ಷರತ್ತು ಓದಿ.

ಹರಿಹರ ಸೈಬರ್: ಸಾರ್ ನಂದು 2009ರಿಂದ ಸೈಬರ್ ಸೆಂಟರ್, ಅರ್ಜಿ ಹಾಕೋದು, ಪ್ರಿಂಟು, ಜೆರಾಕ್ಸು. ಪಾಲಿಕೆಯದ್ದೇ ಟ್ರೇಡ್ ಲೈಸೆನ್ಸ್ ಇದ್ರೆ ಸಾಕು, ಇವರು ಸುಮ್ನೆ ಹೆದರಿಸ್ತಾರೆ.

ವಕೀಲರು: ಟ್ರೇಡ್ ಲೈಸೆನ್ಸ್ ಅಂಗಡಿಗೆ, ಆಟಕ್ಕಲ್ಲ. ನಿಮ್ಮ ವಿಂಡೋಸ್ ಸಂಗತಿ ನೋಡಿಕೊಳ್ಳಿ ಮೊದಲು. ಗಿರಾಕಿಗೆ ಬಾಡಿಗೆಗೆ ಕೊಡುವ ಪಿಸಿಗೆ ಅಸಲಿ ವಿಂಡೋಸ್ ಜೊತೆ ಮೈಕ್ರೋಸಾಫ್ಟಿನ ರೆಂಟಲ್ ರೈಟ್ಸ್ ಲೈಸೆನ್ಸ್ ಬೇರೆ ಬೇಕು, ಪಿಸಿಗೊಂದು.

ಹರಿಹರ ಸೈಬರ್: ಇಷ್ಟು ವರ್ಷದಲ್ಲಿ ಯಾರೂ ಬಂದು ಕೇಳಿಲ್ಲ!

ಎಸ್‌ಪಿಎಸ್ ನಗರ: ಕೇಳಿಲ್ಲ ಅಂದ್ರೆ ಬೇಡ ಅಂತಾನಾ ಅಣ್ಣ? ಹೆಲ್ಮೆಟ್ ಇಲ್ದೆ ಓಡಾಡೋರೂ ಹಿಂಗೇ ಅಂತಾರೆ.

ಹರಿಹರ ಸೈಬರ್: ನೀನು ಅಂಗಡಿ ಇಟ್ಟಿದ್ದೀಯಾ? ಬಾಡಿಗೆ ಕಟ್ಟಿ ನೋಡು, ಆಮೇಲೆ ಮಾತಾಡು.

ಪಿ.ಜೆ. ಬಡಾವಣೆ: ಗೇಮ್ಸ್ ಎಲ್ಲಾ 2025ರಲ್ಲೇ ಬ್ಯಾನ್ ಆಯ್ತಲ್ಲ ಸಾರ್, ಹೊಸ ಕಾಯ್ದೆ ಬಂತು. ಈಗ ಸೆಂಟರ್ ತೆಗೆದರೆ ಕೇಸ್ ಆಗಲ್ವಾ?

ವಕೀಲರು: ಬ್ಯಾನ್ ಆಗಿದ್ದು ಗೆದ್ದರೆ ದುಡ್ಡು ಬರುತ್ತೆ ಅಂತ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ. ಇದು ಅದಲ್ಲ. ಫಾರ್ವರ್ಡ್ ಓದುವ ಹೊತ್ತಲ್ಲಿ ಕಾಯ್ದೆಯನ್ನೇ ಒಮ್ಮೆ ಓದಿ ದಯವಿಟ್ಟು.

ವಿದ್ಯಾನಗರ ಕೆಫೆ: ಸಾರ್ ನನ್ನ ಎರಡನೇ ಪ್ರಶ್ನೆ ಹಾಗೇ ಉಳೀತು. ಹತ್ತು ಪಿಸಿಗೆ ಹತ್ತತ್ತು ಲೈಸೆನ್ಸ್ ಅಂದ್ರೆ ನಾನು ಮುಳುಗಿಹೋಗ್ತೀನಿ.

ವಕೀಲರು: ಹತ್ತು ಯಾಕೆ? ಲೆಕ್ಕ ಹಾಕೋದು ಪಿಸಿ ಮೇಲಲ್ಲ, ಒಂದೇ ಹೊತ್ತಿಗೆ ಎಷ್ಟು ಜನ ಆ ಆಟ ಆಡ್ತಾರೆ ಅನ್ನೋದರ ಮೇಲೆ. ಮೊದಲ ಎರಡು ವಾರ ಗಿರಾಕಿಗಳು ಅವರವರ ಅಕೌಂಟಲ್ಲೇ ಆಡಲಿ. ಕೌಂಟರಲ್ಲಿ ಒಂದು ನೋಟ್‌ಬುಕ್ ಇಡಿ. ಯಾರು ಯಾವ ಆಟ ಕೇಳಿದರು, ಎಷ್ಟು ಗಂಟೆಗೆ, ಇಷ್ಟೇ ಬರೀರಿ. ಕಾಲೇಜು ಬಿಟ್ಟ ಮೇಲೆ, ಭಾನುವಾರ ಸಂಜೆ, ಈ ಎರಡು ಹೊತ್ತು ಮುಖ್ಯ. ಒಂದು ರೇಸಿಂಗ್ ಆಟವನ್ನು ಭಾನುವಾರ ಒಟ್ಟು ಹದಿನೈದು ಜನ ಕೇಳಿದ್ದರೂ ಒಂದೇ ಹೊತ್ತಿಗೆ ಮೂರೇ ಜನ ಇದ್ದರೆ ಮೂರು ಲೈಸೆನ್ಸ್ ಸಾಕು. ನಾಲ್ಕನೆಯವನು ಕಾಯಲಿ, ಇಲ್ಲ ಬೇರೆ ಆಟ ಆಡಲಿ.

ಬೆಲೆ ಆಟದಿಂದ ಆಟಕ್ಕೆ ಬೇರೆ. ಕೆಲವು ಒಮ್ಮೆ ಕಟ್ಟುವಂಥವು, ಕೆಲವು ತಿಂಗಳ ಲೆಕ್ಕ, ವಿಆರ್ ಆಟಗಳಲ್ಲಿ ನಿಮಿಷದ ಲೆಕ್ಕವೂ ಇದೆ. ಉದಾಹರಣೆಗೆ ಲೈಸೆನ್ಸಿಗೆ 1,500 ಅಂತಿಟ್ಟುಕೊಳ್ಳಿ. ಮೂರಕ್ಕೆ 4,500. ನಿಮ್ಮ 50 ರೂಪಾಯಿ ಪೂರ್ತಿ ಇದಕ್ಕೇ ಹೋದರೂ 90 ಗಂಟೆ ಆಡಿಸಬೇಕು. ಕರೆಂಟು, ಬಾಡಿಗೆ, ನೆಟ್ ಕಳೆದು ಗಂಟೆಗೆ 15 ಉಳಿಯುತ್ತೆ ಅಂದ್ರೆ 300 ಗಂಟೆ. ನೋಟ್‌ಬುಕ್ಕಿನಲ್ಲಿ ತಿಂಗಳಿಗೆ 20 ಗಂಟೆ ಓಡುವ ಆಟಕ್ಕೆ ಇದನ್ನು ಕೊಟ್ಟರೆ ದುಡ್ಡು ಮರಳೋಕೆ ಒಂದು ವರ್ಷ ಮೂರು ತಿಂಗಳು ಬೇಕು. ಅಷ್ಟರಲ್ಲಿ ಹುಡುಗರು ಬೇರೆ ಆಟಕ್ಕೆ ಹೋಗಿರುತ್ತಾರೆ. ತಿಂಗಳ ಲೆಕ್ಕದ್ದಿದ್ದರೆ ಅದನ್ನೇ ತಗೊಳ್ಳಿ.

ದುರ್ಗದ ಹುಡುಗ: ಪಿಎಸ್5ಗೆ ಎಷ್ಟು ಸಾರ್? ಚಿತ್ರದುರ್ಗದಲ್ಲಿ ಎರಡು ಕನ್ಸೋಲ್ ಹಾಕೋಣ ಅಂತಿದ್ದೇನೆ. ಡಿಸ್ಕ್ ಅಸಲಿ.

ವಕೀಲರು: ಡಿಸ್ಕ್ ಅಸಲಿ ಆದರೂ ಅದರ ಲೈಸೆನ್ಸ್ ಸ್ವಂತಕ್ಕೆ, ವ್ಯಾಪಾರಕ್ಕಲ್ಲ. ಸ್ಟೀಮ್ ಥರ ಕೆಫೆಗೆ ಅಂತ ಸುಲಭದ ದಾರಿ ಕನ್ಸೋಲಿಗೆ ನಾನು ತೋರಿಸಲಾರೆ. ಎಲ್ಲರೂ ನಡೆಸ್ತಿದ್ದಾರೆ ಅನ್ನೋದು ನನಗೂ ಗೊತ್ತು. ಅದಕ್ಕೆ ಸರಿ ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ.

ಎಸ್‌ಪಿಎಸ್ ನಗರ: ಟೂರ್ನಮೆಂಟ್ ಮಾಡಿ ಎಂಟ್ರಿ ಫೀ ತಗೊಂಡ್ರೆ ಹೇಗೆ ಸಾರ್?

ಹರಿಹರ ಸೈಬರ್: ಅದನ್ನೂ ಹೆಲ್ಮೆಟ್ ಹಾಕ್ಕೊಂಡೇ ಮಾಡು.

ಎಸ್‌ಪಿಎಸ್ ನಗರ: ಅಡ್ಮಿನ್, ಇವರಿಗೆ ಸ್ವಲ್ಪ ಹೇಳಿ.

ನಿಟ್ಟುವಳ್ಳಿ: ಸಾರ್ ನನ್ನ ಹತ್ರ ಅಸಲಿ ಸ್ಟೀಮ್ ಅಕೌಂಟ್ ಇದೆ, ಐದು ಪಿಸಿಗೆ ಹಾಕಬಹುದಾ?

ವಕೀಲರು: ಮೇಲೆ ಓದಿ.

ನಿಟ್ಟುವಳ್ಳಿ: ಆಫ್‌ಲೈನ್ ಮೋಡಲ್ಲಿ ಹಾಕಿದ್ರೆ?

ವಕೀಲರು: ಆಫ್‌ಲೈನ್ ಮಾಡಿದರೆ ಸ್ಟೀಮಿಗೆ ಕಾಣಲ್ಲ ಅಷ್ಟೇ, ಕರಾರು ಬದಲಾಗಲ್ಲ. ವಿದ್ಯಾನಗರದವರೇ, ಅರ್ಜಿ ಹಾಕುವ ಮುಂಚೆ ಅಂಗಡಿ ಹೆಸರು, ವಿಳಾಸ ಟ್ರೇಡ್ ಲೈಸೆನ್ಸಿನಲ್ಲಿ ಇದ್ದ ಹಾಗೇ ಬರೀರಿ. ಫ್ಯಾಮಿಲಿ ಗ್ರೂಪಿಗೆ ಯಾರನ್ನಾದರೂ ಸೇರಿಸಿದ್ದರೆ ಈಗಲೇ ತೆಗೆದುಬಿಡಿ. ಖಾಲಿಯಾದ ಜಾಗಕ್ಕೆ ಬೇರೆಯವರನ್ನು ಸೇರಿಸೋಕೆ ಒಂದು ವರ್ಷ ಕಾಯಬೇಕು, ನಿಮ್ಮ ಮನೆಯವರಿಗೂ ಅಷ್ಟೇ.