ಜಾತ್ರೆಯ ಹಳದಿ ಜಿಲೇಬಿ ಮತ್ತು ಟಾರ್ಟ್ರಜಿನ್: ಒಂದು ಪ್ರಶ್ನೋತ್ತರ

ಪ್ರಶ್ನೆ (ಗೃಹಿಣಿ, ತೀರ್ಥಹಳ್ಳಿ): ಸರ್, ಆರು ವರ್ಷದ ಮಗ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಹಳದಿ ಜಿಲೇಬಿ ತಿಂದ ದಿನ ರಾತ್ರಿಯವರೆಗೂ ಒಂದೆಡೆ ಕೂರಲಿಲ್ಲ. ಟಾರ್ಟ್ರಜಿನ್ ಎಂಬ ಕೃತಕ ಹಳದಿ ಬಣ್ಣ ಇದಕ್ಕೆ ಕಾರಣವೇ? ಅನುಮತಿ ಇರುವ ಬಣ್ಣವೂ ಅಪಾಯವೇ?

ಉತ್ತರ (ಆಹಾರ ವಿಶ್ಲೇಷಕರು, ಶಿವಮೊಗ್ಗ): ಕಾರಣವಾಗಿರಬಹುದು, ಆದರೆ ಒಂದು ದಿನದ ಅನುಭವದಿಂದ ಹಾಗೆಂದು ಹೇಳಲಾಗದು, ಜಾತ್ರೆಯ ಗದ್ದಲ ಮತ್ತು ತಪ್ಪಿದ ನಿದ್ದೆಯೂ ಮಗುವನ್ನು ಹಾಗೆಯೇ ಕುಣಿಸುತ್ತವೆ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಮಕ್ಕಳಿಗೆ ಕೆಲವು ದಿನ ಬಣ್ಣ ಬೆರೆಸಿದ ಪಾನೀಯವನ್ನೂ ಕೆಲವು ದಿನ ಅದೇ ರುಚಿಯ, ಬಣ್ಣ ಬೆರೆಸದ ಪಾನೀಯವನ್ನೂ ಕೊಟ್ಟು ನೋಡಿದಾಗ, ಚಡಪಡಿಕೆ ಸರಾಸರಿಯಲ್ಲಿ ಸ್ವಲ್ಪ ಮಾತ್ರ ಹೆಚ್ಚಿತು, ಮಗುವಿನಿಂದ ಮಗುವಿಗೆ ವ್ಯತ್ಯಾಸವೂ ಬಹಳವಿತ್ತು. ಆ ಪಾನೀಯದಲ್ಲಿ ಹಲವು ಬಣ್ಣಗಳ ಜೊತೆ ಸೋಡಿಯಂ ಬೆಂಜೋಯೇಟ್ ಎಂಬ ಸಂರಕ್ಷಕವೂ ಇದ್ದುದರಿಂದ ಟಾರ್ಟ್ರಜಿನ್ ಒಂದನ್ನೇ ದೂರುವಂತಿಲ್ಲ.

ಪ್ರಮಾಣವನ್ನೂ ನೋಡೋಣ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಪ್ರಕಾರ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 7.5 ಮಿಲಿಗ್ರಾಂ, ಅಂದರೆ 20 ಕಿಲೋ ತೂಗುವ ಮಗುವಿಗೆ 150 ಮಿಲಿಗ್ರಾಂ ಮಿತಿ. ನಮ್ಮ ನಿಯಮದಂತೆ ಸಿಹಿತಿಂಡಿಯ ಕಿಲೋಗೆ 100 ಮಿಲಿಗ್ರಾಂ ಬಣ್ಣ ಹಾಕಬಹುದಾದ್ದರಿಂದ 50 ಗ್ರಾಂ ಜಿಲೇಬಿಯಲ್ಲಿ ಇರುವುದು 5 ಮಿಲಿಗ್ರಾಂ. ಈ ಲೆಕ್ಕ ನಿಲ್ಲುವುದು ಬಣ್ಣವನ್ನು ತೂಗಿ ಹಾಕಿದಾಗ ಮಾತ್ರ. ಜಾತ್ರೆಯ ಬಾಣಲೆಯ ಮುಂದೆ ಅದನ್ನು ಚಿಟಿಕೆಯಲ್ಲೇ ಹಾಕುತ್ತಾರೆ, ಅಲ್ಲಿ ಅನುಮತಿಯಿಲ್ಲದ ಮೆಟಾನಿಲ್ ಹಳದಿ ಸೇರಿದ್ದರೂ ಕಣ್ಣಿಗೆ ತಿಳಿಯದು.

ಎರಡು ವಾರ ಬಣ್ಣದ ತಿಂಡಿ ಬಿಡಿಸಿ, ಬಳಿಕ ಮಾಮೂಲು ದಿನಗಳಲ್ಲಿ ಪೊಟ್ಟಣದ ಮೇಲೆ ಟಾರ್ಟ್ರಜಿನ್‌ನ ಸಂಖ್ಯೆಯಾದ INS 102 ಎಂದಿರುವ ತಿಂಡಿಯನ್ನು ಕೆಲವು ದಿನ ಕೊಟ್ಟು, ಕೆಲವು ದಿನ ಬಿಟ್ಟು ನೋಡಿ. ಯಾವ ದಿನ ಕೊಟ್ಟಿದೆ ಎಂಬುದು ಮಗುವಿನ ವರ್ತನೆಯನ್ನು ಬರೆದಿಡುವವರಿಗೆ ಗೊತ್ತಿರಬಾರದು, ಇಲ್ಲವಾದರೆ ನಮ್ಮ ಅನುಮಾನವೇ ಉತ್ತರವನ್ನು ಬರೆದುಬಿಡುತ್ತದೆ.

ಬೇಕರಿ ಮಾಲೀಕರು, ಸಾಗರ: ಯುರೋಪಿನಲ್ಲಿ ಇದಕ್ಕೆ ನಿಷೇಧವಿದೆಯಲ್ಲವೇ? ನಮ್ಮಲ್ಲಿಯೂ ಗೋಬಿ ಮಂಚೂರಿಗೆ ನಿಲ್ಲಿಸಿದ್ದಾರೆ.

ವಿಶ್ಲೇಷಕರು: ಎರಡನೆಯದು ಸರಿ. ಯುರೋಪಿನ ಒಕ್ಕೂಟದಲ್ಲಿ ನಿಷೇಧವಿಲ್ಲ. ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮವಾಗಬಹುದು ಎಂಬ ಎಚ್ಚರಿಕೆಯನ್ನು ಜುಲೈ 2010ರಿಂದ ಪೊಟ್ಟಣದ ಮೇಲೆ ಮುದ್ರಿಸಬೇಕು. ನಮ್ಮಲ್ಲಿ ‘ಅನುಮತಿಸಿದ ಸಂಶ್ಲೇಷಿತ ಬಣ್ಣ ಇದೆ’ ಎಂದು ಬಣ್ಣದ ಹೆಸರು ಇಲ್ಲವೇ INS ಸಂಖ್ಯೆಯೊಂದಿಗೆ ಬರೆದರೆ ಸಾಕು, ಇದು ಕಡಿಮೆಯಾಯಿತೆಂದೇ ನನ್ನ ಅಭಿಪ್ರಾಯ. ಅನುಮತಿ ಸಿಗುವುದು ಬಣ್ಣಕ್ಕೆ ಮಾತ್ರವಲ್ಲ, ಯಾವ ತಿನಿಸಿಗೆ ಎಂಬುದಕ್ಕೂ ಹೌದು. ಸಿಹಿತಿಂಡಿಗೆ ಸಲ್ಲುವ ಟಾರ್ಟ್ರಜಿನ್ ಗೋಬಿಗೆ ಸಲ್ಲದು. ಮಾರ್ಚ್ 2024ರ ರಾಜ್ಯದ ಆದೇಶಕ್ಕೆ ಮುನ್ನ ಪರೀಕ್ಷಿಸಿದ ಗೋಬಿಯ ಮಾದರಿಗಳಲ್ಲಿ ಅದೂ ಸಿಕ್ಕಿತ್ತು.

ನಿವೃತ್ತ ಶಿಕ್ಷಕಿ, ಹೊಸನಗರ: ನನಗೆ ಆಸ್ಪಿರಿನ್ ತೆಗೆದುಕೊಂಡರೆ ಮೈಯೆಲ್ಲ ದದ್ದು ಏಳುತ್ತದೆ. ಹಳದಿ ಲಾಡನ್ನೂ ಬಿಡಬೇಕೆ?

ವಿಶ್ಲೇಷಕರು: ಟೀಚರ್, ಟಾರ್ಟ್ರಜಿನ್‌ನಿಂದ ಪಿತ್ತದ ಗಂಧೆ ಏಳುವವರು ಇದ್ದಾರೆ, ಆದರೆ ಬಹಳ ವಿರಳ. ಆಸ್ಪಿರಿನ್ ಒಗ್ಗದವರಲ್ಲಿ ಇದು ಹೆಚ್ಚೆಂದು ಹಳೆಯ ವರದಿಗಳು ಹೇಳಿದ್ದವು, ಬಣ್ಣವನ್ನು ಮರೆಮಾಚಿ ಕೊಟ್ಟ ಪರೀಕ್ಷೆಗಳಲ್ಲಿ ಅಷ್ಟು ಕಾಣಲಿಲ್ಲ. ಚರ್ಚೆ ಇನ್ನೂ ಮುಗಿದಿಲ್ಲ. ಇದಕ್ಕೆ ಚರ್ಮದ ಚುಚ್ಚು ಪರೀಕ್ಷೆ ನಂಬಲರ್ಹವಲ್ಲ. ಲಾಡು ತಿಂದು ಈವರೆಗೆ ದದ್ದು ಎದ್ದಿಲ್ಲವಾದರೆ ಬಿಡಬೇಕಾಗಿಲ್ಲ; ಎದ್ದಿದ್ದರೆ ಮನೆಯಲ್ಲಿ ಮತ್ತೆ ತಿಂದು ನೋಡದೆ ವೈದ್ಯರ ಎದುರಿನಲ್ಲೇ ಪರೀಕ್ಷಿಸಿಕೊಳ್ಳಿ.