‘ಇಂಗು’ ಎಂದರೆ ನೀರೋ, ಒಗ್ಗರಣೆಯೋ?

ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ:
ನಮ್ಮ ಒಂಬತ್ತನೆಯ ತರಗತಿಯ ಐವರು ಮಕ್ಕಳು ವಸ್ತುಪ್ರದರ್ಶನಕ್ಕೆ ಕೊಳವೆಬಾವಿ ಮರುಪೂರಣದ ಮಾದರಿ ಮಾಡಿದ್ದಾರೆ. ಗಾಜಿನ ತೊಟ್ಟಿಯ ನಡುವೆ ಕೊಳವೆ, ಸುತ್ತ ಗುಂಡಿ. ಗುಂಡಿಯ ತಳಕ್ಕೆ ದಪ್ಪಕಲ್ಲು, ಮೇಲೆ ಜಲ್ಲಿ, ಎಲ್ಲಕ್ಕೂ ಮೇಲೆ ಮರಳು. ಕೆಸರುನೀರು ಹೊಯ್ದರೆ ಬಹುಪಾಲು ರಾಡಿ ಮರಳಿನಲ್ಲೇ ನಿಂತುಬಿಡುತ್ತದೆ. ತಂಡಕ್ಕೆ ಅವರು ಇಟ್ಟುಕೊಂಡ ಹೆಸರು ‘ಇಂಗು’. ಫಲಕ ನೋಡಿದ ಸಹೋದ್ಯೋಗಿಯೊಬ್ಬರು “ಒಗ್ಗರಣೆ ಎಲ್ಲಿ?” ಎಂದು ಕೇಳಿದರು. ಹೆಸರು ಬದಲಿಸಬೇಕೇ?

ಒಬ್ಬ ಓದುಗರು:
ಒಳ್ಳೆಯ ವಿಷಯ. ಶುದ್ಧ ಇಂಗು ನೀರಿನಲ್ಲಿ ಹಾಲಿನಂತೆ ಬೆಳ್ಳಗೆ ಕದಡುತ್ತದೆ. ಕಲಬೆರಕೆಯ ಇಂಗನ್ನೂ ಪಕ್ಕದಲ್ಲಿಟ್ಟು ತೋರಿಸಲಿ.

ಶಿಕ್ಷಕಿ:
ನನ್ನ ಭಯ ಇದೇ.

ಪುತ್ತೂರಿನ ಕೃಷಿಕರು:
‘ಒರತೆ’ ಎಂದಿಡಿ, ಕೇಳಲೂ ಚೆಂದ. ನಮ್ಮ ಕಡೆ ಗುಡ್ಡದ ಮೇಲಿನ ತಗ್ಗಿನಲ್ಲಿ ಮಳೆನೀರು ನಿಲ್ಲುವ ಮದಕಗಳಿವೆ. ನಮ್ಮ ಮನೆಯ ಮೇಲ್ಗಡೆಯ ಮದಕದ ಹೂಳು ತೆಗೆಸಿದ ಮೇಲೆ ಕೆಳಗಿನ ಬಾವಿಯಲ್ಲಿ ಬೇಸಿಗೆಗೂ ಒರತೆ ಬಂತು. ‘ಮದಕ’ ಎಂದರೂ ಆಗುತ್ತದೆ.

ನಿವೃತ್ತ ಕನ್ನಡ ಉಪನ್ಯಾಸಕರು:
ಒರತೆ ನೆಲದಿಂದ ಹೊರಗೆ ಬರುವ ನೀರು. ಮಕ್ಕಳ ನೀರು ಒಳಗೆ ಹೋಗುತ್ತಿದೆ, ದಿಕ್ಕೇ ತಿರುವುಮುರುವು. ‘ಬಸಿ’ ಎಂದಿಡೋಣವೆಂದರೆ, ಅದರಲ್ಲಿ ನೀರು ಕೆಳಗಿಳಿಯುತ್ತದೆ ನಿಜ, ಆದರೆ ಅದು ಬೇಡದ ನೀರು, ಅನ್ನ ಬಸಿಯುವುದು, ಗದ್ದೆಗೆ ಬಸಿಗಾಲುವೆ ತೋಡುವುದು ನೆನೆಯಿರಿ. ಮದಕ ಒಳ್ಳೆಯ ಮಾತೇ, ಆದರೆ ಈ ಮಾದರಿಯಲ್ಲಿ ಮದಕವಿಲ್ಲ. ನೀರು ನೆಲದೊಳಕ್ಕೆ ಇಳಿದು ಸೇರಿಕೊಳ್ಳುವುದಕ್ಕೆ ‘ಇಂಗು’ ಎಂಬುದೇ ಸರಿಯಾದ ಕ್ರಿಯಾಪದ. ಒಗ್ಗರಣೆಯ ಇಂಗು ಸಂಸ್ಕೃತದ ಹಿಂಗುವಿನಿಂದ ಬಂದದ್ದು, ಎರಡಕ್ಕೂ ನಂಟಿಲ್ಲ. ಒಂಟಿಯಾಗಿ ಫಲಕದ ಮೇಲೆ ನಿಂತರೆ ಯಾರಿಗೂ ಮೊದಲು ಡಬ್ಬಿಯೇ ನೆನಪಾಗುತ್ತದೆ, ಮಂಗನ ಗಾದೆಯೂ ಬೆನ್ನಿಗೇ ಬರುತ್ತದೆ. ‘ಇಂಗುಗುಂಡಿ’ ಎಂದಾಗ ಯಾರೂ ನಗುವುದಿಲ್ಲ, ಪಕ್ಕದ ಪದ ಅರ್ಥವನ್ನು ಕಾಯುತ್ತದೆ.

ಇನ್ನೊಂದು ಮಾತು. ನೀರು ತಾನಾಗಿ ಇಂಗುತ್ತದೆ. ಗುಂಡಿ ತೋಡಿ, ಕಲ್ಲು ತುಂಬಿದವರು ಇಂಗಿಸುತ್ತಾರೆ. ಮಕ್ಕಳ ಕೆಲಸ ಎರಡನೆಯದು. ಹಾಗಾಗಿ ‘ನೀರಿಂಗಿಸು’.

ಬೆಂಗಳೂರಿನ ಎಂಜಿನಿಯರ್:
‘ಜಲಮರುಪೂರಣ ತಂಡ’ ಎಂದರೆ ತೀರ್ಪುಗಾರರಿಗೆ ಕೂಡಲೇ ತಿಳಿಯುತ್ತದೆ.

ಉಪನ್ಯಾಸಕರು:
ಅದು ಮಾದರಿಯ ಶೀರ್ಷಿಕೆಯಾಗಲಿ. ತಂಡದ ಹೆಸರೂ ಅದೇ ಆದರೆ ಫಲಕದಲ್ಲಿ ಒಂದೇ ಮಾತು ಎರಡು ಸಲ ಬರುತ್ತದೆ, ಸರಕಾರಿ ಸುತ್ತೋಲೆಯಂತೆ.

ಶಿಕ್ಷಕಿ:
ಮೂವರು ‘ನೀರಿಂಗಿಸು’ ಒಪ್ಪಿದ್ದಾರೆ. ಇಬ್ಬರಿಗೆ ಹಳೆಯದೇ ಬೇಕಂತೆ. ಒಗ್ಗರಣೆ ಎಲ್ಲಿ ಎಂದು ಕೇಳಿದವರು ನಿಂತು ಮಾದರಿಯನ್ನು ಪೂರ್ತಿ ನೋಡಿ ಹೋದರು ಎಂಬುದು ಅವರ ವಾದ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ‘ನೀರಿಂಗಿಸು’ ಎಂಬುದನ್ನು ಕೂಡಿಸಿ ಬರೆಸಲೇ, ‘ನೀರು ಇಂಗಿಸು’ ಎಂದು ಬಿಡಿಸಿ ಬರೆಸಲೇ? ದೂರದಿಂದ ಓದುವವರಿಗೆ ಯಾವುದು ಸಲೀಸು?